ಶಾಲೆ ಗೇಟಿನ ಮೊದಲ ನಮಸ್ಕಾರ: ಮಗುವಿನ ಗೆಳೆಯರ ಮನೆಯವರನ್ನು ಮಾತನಾಡಿಸುವ ಬಗೆ

ಒಂದನೇ ಕ್ಲಾಸಿನ ಮಗು ಮನೆಗೆ ಬಂದು ವಾರವಿಡೀ ಒಂದೇ ಹೆಸರು ಹೇಳುತ್ತಿದೆ. ಆ ಹೆಸರಿನ ಮಗುವನ್ನು ಕರೆದೊಯ್ಯಲು ಬರುವವರು ದಿನಾ ನಿಮ್ಮಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತಿರುತ್ತಾರೆ. ನೀವು ಅವರನ್ನು ನೋಡುತ್ತೀರಿ, ಅವರು ನಿಮ್ಮನ್ನು ನೋಡುತ್ತಾರೆ, ಇಬ್ಬರೂ ಮೊಬೈಲ್ ನೋಡುತ್ತೀರಿ. ಒಂದೂರಿನಲ್ಲೇ ಹುಟ್ಟಿ ಬೆಳೆದವರಿಗೆ ಈ ತೊಂದರೆ ಇಲ್ಲ. ಅಲ್ಲಿ ಯಾರ ಮಗ ಯಾರ ಮೊಮ್ಮಗ ಎಂಬುದು ಮಗು ಶಾಲೆಗೆ ಸೇರುವ ಮೊದಲೇ ಗೊತ್ತಿರುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ, ನಾಲ್ಕಾರು ಭಾಷೆಯ, ನಾನಾ ಊರಿನ ಜನ ಒಂದೇ ಗೇಟಿಗೆ ಬರುವಲ್ಲಿ, ಮೊದಲ ಮಾತು ಹೇಗೆ ಆಡಬೇಕು ಎಂದು ಸ್ವಲ್ಪ ಯೋಚಿಸಬೇಕಾಗುತ್ತದೆ. ಆ ಮೊದಲ ಒಂದೆರಡು ನಿಮಿಷದ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ.

ಹೇಳುವುದು ಸುಲಭವಾಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ವಿಜಯನಗರದ ಕಡೆಯ ಒಂದು ಶಾಲೆ, ಮೂರೂಕಾಲಿಗೆ ಬಿಡುತ್ತದೆ. ಸಮರ್ಥ ಒಂದನೇ ಕ್ಲಾಸು, ಅವನನ್ನು ಕರೆದುಕೊಂಡು ಹೋಗಲು ಅಪ್ಪ ಸ್ಕೂಟರಿನಲ್ಲಿ ಬರುತ್ತಾನೆ. ಪಕ್ಕದಲ್ಲಿ ಕೂರುವ ಗೆಳತಿಯ ಹೆಸರು ಝೋಯಾ.

ಮೊದಲು ಮಗುವಿನ ಬಾಯಿಂದ

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಅವಸರ ಬೇಡ. ಮೊದಲ ಎರಡು ಮೂರು ವಾರ ಚಿಕ್ಕ ಮಕ್ಕಳಿಗೆ ದಿನಕ್ಕೊಬ್ಬ ಬೆಸ್ಟ್ ಫ್ರೆಂಡ್. ಟೀಚರ್ ಜಾಗ ಬದಲಿಸಿದರೆ ಸ್ನೇಹವೂ ಬದಲಾಗುತ್ತದೆ. ಜುಲೈ ಹೊತ್ತಿಗೆ ಬೆಂಚು, ಡಬ್ಬಿ, ಆಟ ಎಲ್ಲ ಒಂದು ಹದಕ್ಕೆ ಬಂದು ಒಂದೇ ಹೆಸರು ಮತ್ತೆ ಮತ್ತೆ ಕೇಳಿಬರತೊಡಗುತ್ತದೆ. ಆಗ ವಿಚಾರಿಸಿ.

ವಿಚಾರಿಸುವುದು ಎಂದರೆ ತನಿಖೆಯಲ್ಲ. ಶಾಲೆಯಿಂದ ಬಂದ ಕೂಡಲೇ ಕೇಳಿದರೆ ಮಕ್ಕಳು ಏನೂ ಹೇಳುವುದಿಲ್ಲ, ಹಸಿವು ಮುಂದೆ. ರಾತ್ರಿ ಮಲಗುವ ಹೊತ್ತಿಗೆ ತಾವಾಗಿಯೇ ಹೇಳುತ್ತವೆ. ಮೂರು ವಿಷಯ ತಿಳಿದರೆ ಸಾಕು: ಗೆಳತಿಯ ಹೆಸರು, ಅವಳನ್ನು ಕರೆದೊಯ್ಯಲು ಯಾರು ಬರುತ್ತಾರೆ, ಇಬ್ಬರೂ ಸೇರಿ ಏನು ಮಾಡುತ್ತಾರೆ. ಮೂರನೆಯದೇ ಮುಖ್ಯ, ಗೇಟಿನಲ್ಲಿ ಮಾತಿಗೆ ಎಳೆ ಸಿಗುವುದು ಅಲ್ಲಿಂದ. ಸಮರ್ಥ ಹೇಳಿದ್ದು ಇಷ್ಟು: "ಝೋಯಾ ನಂಗೆ ಅವಳ ಡಬ್ಬಿಯಿಂದ ಪರೋಟ ಕೊಡ್ತಾಳೆ, ನಾನು ಅವಳಿಗೆ ಚಿತ್ರಾನ್ನದ ಕಡ್ಲೆಬೀಜ ಕೊಡ್ತೀನಿ. ಅವಳ ತಾತ ಬರ್ತಾರೆ, ಬಿಳಿ ಗಡ್ಡ."

ಮಕ್ಕಳು ಕೊಡುವ ವಿವರ ಅರ್ಧ ನಿಜ, ಅರ್ಧ ಕಥೆ. "ಅವಳಪ್ಪ ಪೊಲೀಸ್" ಎಂದರೆ ಆ ಮನುಷ್ಯ ಒಮ್ಮೆ ಖಾಕಿ ಪ್ಯಾಂಟು ಹಾಕಿಕೊಂಡು ಬಂದಿದ್ದಿರಬಹುದು, ಅಷ್ಟೇ. ಹೆಸರನ್ನೂ ಮಕ್ಕಳು ತಮ್ಮ ನಾಲಿಗೆಗೆ ಹೊಂದಿಸಿಕೊಂಡಿರುತ್ತಾರೆ. ತಪ್ಪು ಹೆಸರು ಹೇಳಿ ಮಾತು ಶುರುಮಾಡಿದರೆ ಮುಜುಗರ, ಹಾಗಾಗಿ ಹೆಸರನ್ನು ಮಾತ್ರ ಖಚಿತ ಮಾಡಿಕೊಳ್ಳಿ. ಗೇಟಿನಲ್ಲಿ ಆಯಾ ಕೂಗುವಾಗ ಕಿವಿಗೊಟ್ಟರೆ ಗೊತ್ತಾಗುತ್ತದೆ, ಅಥವಾ ಮಗು ಹೊರಬರುವಾಗ "ಝೋಯಾ ಯಾರು, ತೋರಿಸು" ಎಂದರೆ ಸಾಕು. ಬೆರಳು ಮಾಡಿ ತೋರಿಸದೆ ಮೆಲ್ಲಗೆ ಹೇಳು ಎಂದು ಮೊದಲೇ ತಿಳಿಸಿರಿ. ಕೇಳುತ್ತವೆ ಎಂದೇನಿಲ್ಲ.

ಯಾವಾಗ, ಎಲ್ಲಿ ನಿಂತು

ಬೆಳಗ್ಗೆ ಬಿಡುವಾಗ ಬೇಡವೇ ಬೇಡ. ಗೇಟು ಮುಚ್ಚಲು ಐದು ನಿಮಿಷವಿರುತ್ತದೆ, ಒಬ್ಬರಿಗೆ ಆಫೀಸು, ಇನ್ನೊಬ್ಬರಿಗೆ ಒಲೆ ಮೇಲಿಟ್ಟು ಬಂದ ಹಾಲಿನ ಚಿಂತೆ, ಮಗುವಿನ ಒಂದು ಶೂಗೆ ಲೇಸ್ ಕಟ್ಟಿಲ್ಲ. ಆಗ ನಮಸ್ಕಾರ ಎಂದರೆ ತಿರುಗಿ ನಮಸ್ಕಾರ ಅನ್ನುತ್ತಾರೆ, ಮುಖ ನೆನಪಿಟ್ಟುಕೊಳ್ಳುವುದಿಲ್ಲ.

ಸರಿಯಾದ ಹೊತ್ತು ಸಂಜೆ ಗಂಟೆ ಹೊಡೆಯುವ ಮುಂಚಿನ ಹತ್ತು ನಿಮಿಷ. ಬಂದವರೆಲ್ಲ ಸುಮ್ಮನೆ ನಿಂತಿರುತ್ತಾರೆ, ಕೈ ಖಾಲಿ, ಮಕ್ಕಳು ಇನ್ನೂ ಒಳಗೆ. ಈ ಹೊತ್ತಿನ ಇನ್ನೊಂದು ಅನುಕೂಲವೆಂದರೆ ಮಾತು ಎಳೆದಾಡಿದರೂ ಗಂಟೆ ಹೊಡೆದು ನಿಮ್ಮಿಬ್ಬರನ್ನೂ ಬಿಡಿಸುತ್ತದೆ. ಗಂಟೆ ಹೊಡೆದ ಮೇಲೆ ಶುರುಮಾಡಿದರೆ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ವಾಟರ್ ಬಾಟಲಿ, ಮಗು ಐಸ್‌ಕ್ರೀಂ ಗಾಡಿ ಕಡೆ ಎಳೆಯುತ್ತಿರುತ್ತದೆ. ಮಳೆಯ ದಿನವೂ ಬೇಡ. ಪೇರೆಂಟ್ಸ್ ಮೀಟಿಂಗ್ ದಿನ ಕಾರಿಡಾರಿನಲ್ಲಿ ಸಾಲಾಗಿ ಕೂತಾಗ ಮಾತನಾಡಿಸಬಹುದು, ಆದರೆ ಟೀಚರ್ ಹತ್ತಿರ ಹೋಗಿ ಬಂದವರನ್ನಲ್ಲ, ಇನ್ನೂ ಹೋಗಬೇಕಾದವರನ್ನು. ಒಳಗೆ ಏನು ಕೇಳಿಸಿಕೊಂಡು ಬಂದಿದ್ದಾರೋ ಯಾರಿಗೆ ಗೊತ್ತು.

ಗಾಡಿಯ ಮೇಲೆ ಕೂತುಕೊಂಡೇ, ಹೆಲ್ಮೆಟ್ ಹಾಕಿಕೊಂಡೇ ಮಾತನಾಡಿಸಬೇಡಿ. ಹೆಲ್ಮೆಟ್ ತೆಗೆಯದಿದ್ದರೆ ಮಾರನೆಯ ದಿನ ಅವರಿಗೆ ನಿಮ್ಮ ಗುರುತೇ ಸಿಗುವುದಿಲ್ಲ, ನೀವೋ ಅವರು ಮುಖ ತಿರುಗಿಸಿದರು ಎಂದುಕೊಳ್ಳುತ್ತೀರಿ. ಇಂಜಿನ್ ಆರಿಸಿ, ಗಾಡಿಗೆ ಸ್ಟ್ಯಾಂಡ್ ಹಾಕಿ, ಇಳಿದು ಹೋಗಿ. ಕಾರಿನ ಗ್ಲಾಸ್ ಇಳಿಸಿ ಒಳಗಿನಿಂದಲೇ ಮಾತನಾಡಿಸುವುದು ಇದಕ್ಕಿಂತ ಕೆಟ್ಟದ್ದು, ನಿಂತಿರುವವರು ಬಗ್ಗಿ ಉತ್ತರ ಕೊಡಬೇಕಾಗುತ್ತದೆ. ಗೇಟಿಗೆ ಅಡ್ಡವಾಗಿ ನಿಲ್ಲದೆ ಕಾಂಪೌಂಡ್ ಗೋಡೆಯ ಬದಿಗೆ ಸರಿದು ನಿಂತರೆ ಸೆಕ್ಯುರಿಟಿಯವರ ಸೀಟಿ ನಡುವೆ ಬರುವುದಿಲ್ಲ.

ಮೊದಲ ವಾಕ್ಯ

ಇಲ್ಲಿ ಬಹಳ ಜನ ಎಡವುವುದು ಸಂಬಂಧ ಊಹಿಸುವುದರಲ್ಲಿ. ಗೇಟಿಗೆ ಬರುವವರು ಅಮ್ಮನೇ ಆಗಿರಬೇಕಿಲ್ಲ. ಅಜ್ಜಿ, ಚಿಕ್ಕಪ್ಪ, ಅತ್ತೆ, ಮನೆಯಲ್ಲಿ ಮಗು ನೋಡಿಕೊಳ್ಳುವವರು, ಪಕ್ಕದ ಮನೆಯವರು, ಯಾರೂ ಆಗಬಹುದು. ತಡವಾಗಿ ಮಗುವಾದ ತಾಯಿಯನ್ನು "ಅಜ್ಜೀನಾ?" ಎಂದು ಕೇಳಿದವರನ್ನು ಆ ತಾಯಿ ಏಳನೇ ಕ್ಲಾಸಿನವರೆಗೂ ಮರೆಯುವುದಿಲ್ಲ. ಹಾಗೆಯೇ ಮನೆಗೆಲಸಕ್ಕೆ ಬರುವ ಹೆಂಗಸನ್ನು "ಝೋಯಾ ಅಮ್ಮ ಅಲ್ವಾ" ಎಂದರೆ ಅವರಿಗೂ ಇರುಸುಮುರುಸು. ಯಾರಿಗೂ ಹೊಂದುವ ವಾಕ್ಯ ಒಂದಿದೆ:

"ನಮಸ್ಕಾರ. ನೀವು ಝೋಯಾನ ಕರ್ಕೊಂಡು ಹೋಗೋಕೆ ಬರೋದು ಅಲ್ವಾ? ನಾನು ಸಮರ್ಥನ ಅಪ್ಪ, ಒಂದೇ ಬೆಂಚು ಅವರಿಬ್ಬರದ್ದು."

ಇದರಲ್ಲಿ ಊಹೆಯಿಲ್ಲ. ಅವರು ಯಾರು ಎಂಬುದನ್ನು ಅವರೇ ಹೇಳುತ್ತಾರೆ: "ಹೌದು, ನಾನು ತಾತ" ಎಂದೋ, "ನಾನು ಅವರ ಮನೇಲಿ ಕೆಲಸ ಮಾಡ್ತೀನಿ ಸರ್" ಎಂದೋ. ನೀವು ಯಾರು, ಏಕೆ ಮಾತನಾಡಿಸುತ್ತಿದ್ದೀರಿ ಎಂಬುದಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಸಿಕ್ಕಿರುತ್ತದೆ. ಅಪರಿಚಿತರೊಬ್ಬರು ಬಂದು ತಮ್ಮ ಮಗುವಿನ ಹೆಸರು ಹೇಳಿದರೆ ಯಾರಿಗಾದರೂ ಮೊದಲು ಹೊಟ್ಟೆಯಲ್ಲಿ ಸಣ್ಣ ಅಳುಕು ಮೂಡುತ್ತದೆ. ಆದ್ದರಿಂದ ಅವರ ಮಗುವಿನ ಹೆಸರು ಮತ್ತು ನಿಮ್ಮ ಮಗುವಿನ ಹೆಸರು, ಎರಡರ ನಡುವೆ ಹೆಚ್ಚು ಅಂತರ ಬಿಡಬೇಡಿ. ನಿಮ್ಮ ಸ್ವಂತ ಹೆಸರು ಆಮೇಲೆ ಹೇಳಿದರೂ ನಡೆಯುತ್ತದೆ. ಈ ಗೇಟಿನಲ್ಲಿ ನಿಮ್ಮ ಹೆಸರು "ಸಮರ್ಥನ ಅಪ್ಪ" ಎಂದೇ, ಕೆಲಸ, ಡೆಸಿಗ್ನೇಶನ್ ಯಾವುದೂ ಬೇಕಿಲ್ಲ.

ಕರೆಯುವುದು ಏನಂತ? ವಯಸ್ಸು ಕಡಿಮೆ ಕಂಡರೂ ಬಹುವಚನವೇ. ಮಗುವನ್ನು ಏಕವಚನದಲ್ಲಿ "ಝೋಯಾ ಬಂದಳು" ಎನ್ನಬಹುದು, ಅವರನ್ನು ಕೊನೆತನಕ "ನೀವು". "ಆಂಟಿ" "ಅಂಕಲ್" ಮಕ್ಕಳ ಬಾಯಿಗೆ ಸರಿ, ನಿಮ್ಮ ಬಾಯಿಗಲ್ಲ. ಮೂವತ್ತೈದರ ಹೆಂಗಸು ಇನ್ನೊಬ್ಬ ಮೂವತ್ತೈದರವರಿಂದ ಆಂಟಿ ಎನ್ನಿಸಿಕೊಂಡು ನಗುವುದಿಲ್ಲ. ಬೆಂಗಳೂರು ಮೈಸೂರಿನ ಕಡೆ ಮೇಡಂ, ಸರ್ ಎಂದರೆ ಸ್ವಲ್ಪ ದೂರವಾದರೂ ತಪ್ಪಿಲ್ಲ. ಹುಬ್ಬಳ್ಳಿ ಧಾರವಾಡದ ಕಡೆ ಇದು ಇನ್ನೂ ಸುಲಭ, "ನಮಸ್ಕಾರ್ರೀ" ಎಂಬಲ್ಲಿರುವ ರೀ ಒಂದೇ ಗೌರವವನ್ನೆಲ್ಲ ಹೊತ್ತುಬಿಡುತ್ತದೆ, ಬೇಕಾದರೆ "ಅಕ್ಕಾರ" "ಅಣ್ಣಾರ" ಸೇರಿಸಬಹುದು. ಮಂಗಳೂರಿನ "ಮಾರಾಯ್ರೆ" ಸಲಿಗೆಯ ಮಾತು, ಅದನ್ನು ಒಂದೆರಡು ವಾರ ತಡೆದುಕೊಳ್ಳಿ. ವಯಸ್ಸಾದವರು ಕಂಡರೆ ಎಲ್ಲ ಕಡೆಯೂ ಅಜ್ಜ, ತಾತ ಅನ್ನುವುದಕ್ಕಿಂತ ಮೊದಲ ದಿನ ಯಾವ ಕರೆಯೂ ಇಲ್ಲದೆ "ನೀವು" ಎಂದರೇ ಒಳ್ಳೆಯದು. ಅವರೇ ತಾತ ಎಂದು ಹೇಳಿಕೊಂಡ ಮೇಲೆ ಮಾತು ಬೇರೆ.

ಕೈ ಹೇಗೆ? ಎರಡೂ ಕೈ ಜೋಡಿಸುವುದು ಎಲ್ಲರಿಗೂ ಸರಿಹೊಂದುತ್ತದೆ. ಗಂಡಸರು ಹೆಂಗಸರಿಗೆ ತಾವಾಗಿ ಕೈಚಾಚಬೇಡಿ, ಅವರು ಚಾಚಿದರೆ ಕುಲುಕಿ. ಕೆಲವರು ಕೈ ಕುಲುಕುವ ಬದಲು ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸುತ್ತಾರೆ, ಆಗ ನೀವೂ ಹಾಗೆಯೇ ಮಾಡಿದರೆ ಮುಗಿಯಿತು. ಕೈಯಲ್ಲಿ ಹೆಲ್ಮೆಟ್, ಛತ್ರಿ ಇದ್ದರೆ ತಲೆ ಬಾಗಿಸಿದರೂ ಸಾಕು.

ಯಾವ ಭಾಷೆಯಲ್ಲಿ

ಕನ್ನಡದಲ್ಲೇ ಶುರುಮಾಡಿ. ಇದು ಅಭಿಮಾನದ ಮಾತಲ್ಲ, ಲೆಕ್ಕಾಚಾರದ ಮಾತು. ಹೆಸರು ನೋಡಿ, ಉಡುಪು ನೋಡಿ, ಬಣ್ಣ ನೋಡಿ ಇವರಿಗೆ ಕನ್ನಡ ಬರುವುದಿಲ್ಲ ಎಂದು ನಿರ್ಧರಿಸುವುದು ನಾವು ಮಾಡುವ ದೊಡ್ಡ ಅವಮಾನಗಳಲ್ಲೊಂದು. ಚನ್ನಪಟ್ಟಣದಲ್ಲೋ ಶಿರಾದಲ್ಲೋ ಹುಟ್ಟಿ ಬೆಳೆದು ಕನ್ನಡ ಮೀಡಿಯಂನಲ್ಲಿ ಓದಿದ ಮುಸ್ಲಿಂ ಅಜ್ಜನ ಹತ್ತಿರ ಹೋಗಿ ಹರಕುಮುರುಕು ಹಿಂದಿ ಆಡಿದರೆ, ಅವರು ನಿಮ್ಮ ಹಿಂದಿಗೆ ನಗುವುದಲ್ಲದೆ ಒಳಗೊಳಗೇ ನೊಂದುಕೊಳ್ಳುತ್ತಾರೆ. ನಾನು ಈ ಊರಿನವನೇ ಅಲ್ಲ ಎಂದು ಇವನು ಮೊದಲ ಮಾತಿಗೇ ಹೇಳಿಬಿಟ್ಟನಲ್ಲ ಎಂದು.

ನಿಧಾನವಾಗಿ, ಸರಳವಾಗಿ ಕನ್ನಡ ಆಡಿ, ಮುಖ ನೋಡಿ. ಅರ್ಥವಾಗದಿದ್ದರೆ ಕಣ್ಣಿನಲ್ಲೇ ಗೊತ್ತಾಗುತ್ತದೆ. ಆಗ "ಕನ್ನಡ ಬರಲ್ವಾ?" ಎನ್ನಬೇಡಿ, ಅದು ಪ್ರಶ್ನೆಯಂತೆ ಅಲ್ಲ, ಆರೋಪದಂತೆ ಕೇಳಿಸುತ್ತದೆ. ಏನೂ ಕೇಳದೆ ನಿಮಗೆ ಬರುವ ಇನ್ನೊಂದು ಭಾಷೆಗೆ ಹೊರಳಿಕೊಳ್ಳಿ. ಹೆಸರುಗಳು ಯಾವ ಭಾಷೆಯಲ್ಲೂ ಅವೇ, "ಝೋಯಾ, ಸಮರ್ಥ, ಸೇಮ್ ಬೆಂಚ್" ಎಂದರೆ ತಮಿಳರಿಗೂ ಬಿಹಾರದವರಿಗೂ ತಿಳಿಯುತ್ತದೆ. ಅವರು ಬಂದಷ್ಟು ಕನ್ನಡದಲ್ಲಿ ಉತ್ತರಿಸಲು ಹೊರಟರೆ ತಿದ್ದಬೇಡಿ, "ಚೆನ್ನಾಗಿ ಮಾತಾಡ್ತೀರಲ್ಲಾ" ಎಂದು ಬೆನ್ನೂ ತಟ್ಟಬೇಡಿ. ಸುಮ್ಮನೆ ಕನ್ನಡದಲ್ಲೇ ಮುಂದುವರಿಸಿ, ಅದೇ ದೊಡ್ಡ ಮರ್ಯಾದೆ.

ಒಂದೇ ಒಂದು ಸಂಗತಿ

ಪರಿಚಯವಾದ ಮೇಲೆ ಬರುವ ಮೌನ ಭಯ ಹುಟ್ಟಿಸುತ್ತದೆ, ಅದನ್ನು ತುಂಬಲು ಬಾಯಿಗೆ ಬಂದದ್ದು ಕೇಳಿಬಿಡುತ್ತೇವೆ. ಮಗುವಿನಿಂದ ರಾತ್ರಿ ತಿಳಿದುಕೊಂಡ ಆ ಮೂರನೆಯ ಸಂಗತಿ ಬಳಕೆಗೆ ಬರುವುದು ಇಲ್ಲಿಯೇ. ನಮ್ಮ ಉದಾಹರಣೆಯಲ್ಲಿ ಮಾತು ಹೀಗೆ ಸಾಗಿತೆನ್ನಿ:

"ನಮ್ಮವನು ದಿನಾ ಝೋಯಾ ಡಬ್ಬಿಯ ಪರೋಟ ತಿಂದು ಬರ್ತಾನಂತೆ. ಅವಳಿಗೆ ಊಟ ಕಡಿಮೆ ಬೀಳ್ತಿದೆಯೋ ಏನೋ ಅಂತ ಅಂದ್ಕೊಂಡೆ."

"ಅಯ್ಯೋ ಇಲ್ಲ ಬಿಡಿ, ನಮ್ಮ ಹುಡುಗಿ ಮನೇಲಿ ಕಡ್ಲೆಬೀಜ ಮುಟ್ಟಲ್ಲ, ಇಲ್ಲಿ ನಿಮ್ಮ ಹುಡುಗನ ಡಬ್ಬಿದು ಮಾತ್ರ ತಿಂತಾಳಂತೆ. ಅವರಮ್ಮ ಈಗ ಎರಡು ಪರೋಟ ಜಾಸ್ತಿ ಹಾಕ್ತಾಳೆ."

ಇಷ್ಟೇ ಮಾತು. ಆದರೆ ಇಷ್ಟರಲ್ಲಿ ಒಂದು ಉಪಯೋಗದ ವಿಷಯವೂ ತಿಳಿಯಿತು, ಕಡ್ಲೆಬೀಜದಿಂದ ಆ ಮಗುವಿಗೆ ಅಲರ್ಜಿ ಇಲ್ಲ ಎಂದು. ಡಬ್ಬಿ ಹಂಚಿಕೊಳ್ಳುವ ಮಕ್ಕಳ ಮನೆಯವರು ಮೊದಲೋ ಎರಡನೆಯದೋ ಭೇಟಿಯಲ್ಲಿ ತಿಳಿದುಕೊಳ್ಳಬೇಕಾದದ್ದು ಇದೊಂದೇ. ಕೆಲವು ಮಕ್ಕಳಿಗೆ ಕಡ್ಲೆಬೀಜ, ಗೋಡಂಬಿ, ಹಾಲು, ಮೊಟ್ಟೆ ಆಗುವುದಿಲ್ಲ, ಮೈಯೆಲ್ಲ ದದ್ದು ಏಳುವುದರಿಂದ ಹಿಡಿದು ಉಸಿರು ಕಟ್ಟುವವರೆಗೂ ಹೋಗಬಹುದು. "ಝೋಯಾಗೆ ತಿನ್ನೋದರಲ್ಲಿ ಏನಾದ್ರೂ ಆಗದೇ ಇರೋದು ಇದೆಯಾ?" ಎಂದು ನೇರವಾಗಿ ಕೇಳಿ. "ನೀವು ವೆಜ್ಜಾ, ನಾನ್‌ವೆಜ್ಜಾ?" ಎಂದು ಕೇಳಬೇಡಿ. ಮೊದಲನೆಯದು ಮಗುವಿನ ಮೈಯ ಬಗೆಗಿನ ಕಾಳಜಿ, ಎರಡನೆಯದು ನಮ್ಮಲ್ಲಿ ಜಾತಿ ಕೇಳುವ ಒಂದು ದಾರಿ. ನಿಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ತಿನ್ನುವುದಿಲ್ಲವೆಂದಾದರೆ ನಿಮ್ಮ ಮಗುವಿಗೆ ಹೇಳಿಕೊಡುವುದು ನಿಮ್ಮ ಕೆಲಸ, ಮೊದಲ ಭೇಟಿಯಲ್ಲಿ ಅವರ ಡಬ್ಬಿಗೆ ಷರತ್ತು ಹಾಕುವುದಲ್ಲ.

ಜಾತಿ ಕೇಳುವ ದಾರಿಗಳು ಇನ್ನೂ ಇವೆ, ಎಲ್ಲವೂ ಮುಗ್ಧವಾಗಿಯೇ ಕೇಳಿಸುತ್ತವೆ. "ಯಾವ ಕಡೆಯವರು?" "ಮನೆ ದೇವರು ಯಾವುದು?" "ಪೂರ್ತಿ ಹೆಸರೇನು?" ಊರು ತಿಳಿಯುವ ಕುತೂಹಲವೇ ಇದ್ದರೂ ಮೊದಲ ದಿನ ಬಿಡಿ. "ಯಾವ ಏರಿಯಾದಲ್ಲಿ ಮನೆ?" ಎಂದರೆ ಸಾಕು, ಮುಂದೆ ಮಕ್ಕಳು ಒಟ್ಟಿಗೆ ಆಡಲು ಅದು ನಿಜವಾಗಿ ಬೇಕಾಗುತ್ತದೆ. ಅದಕ್ಕೆ "ಸ್ವಂತದ್ದಾ?" ಎಂಬ ಬಾಲ ಬೇಡ. "ಒಬ್ಬಳೇನಾ? ಇನ್ನೊಂದು?" ಎನ್ನುವುದು, "ಅವರಪ್ಪ ಯಾಕೆ ಬರಲ್ಲ?" ಎನ್ನುವುದು ಎಷ್ಟೋ ಮನೆಗಳಲ್ಲಿ ಗಾಯದ ಮೇಲೆ ಬೆರಳಿಟ್ಟಂತೆ. ಖಾಸಗಿ ಶಾಲೆಗಳ ಕೆಲವು ಕ್ಲಾಸುಗಳಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ಶೇಕಡ 25ರ ಸೀಟಿನಲ್ಲಿ ಬಂದ ಮಕ್ಕಳೂ ಇರುತ್ತಾರೆ. "ಫೀಸ್ ಎಷ್ಟು ಕಟ್ಟಿದ್ರಿ?" ಎಂಬ ಮಾತು ಅಂಥವರ ಮುಂದೆ ಬಾಯಿ ಜಾರಿದರೆ ಆ ತಾಯಿ ನಾಳೆಯಿಂದ ಗೇಟಿನ ಆಚೆ ಬದಿಗೆ ಹೋಗಿ ನಿಲ್ಲುತ್ತಾಳೆ.

ಮಾರ್ಕ್ಸ್, ಟ್ಯೂಷನ್, ಕೈಬರಹ ಇವೂ ಬೇಡ. "ನಿಮ್ಮ ಮಗಳು ಎಷ್ಟು ಚೆನ್ನಾಗಿ ಓದ್ತಾಳಂತೆ, ನಮ್ಮವನು ದಡ್ಡ" ಎಂಬ ವಿನಯ ನಿಮ್ಮ ಮಗುವಿನ ಕಿವಿಗೆ ಬಿದ್ದೇ ಬೀಳುತ್ತದೆ.

ದೂರು ಇದ್ದರೆ? ಅವಳು ಚಿವುಟುತ್ತಾಳೆ, ಪೆನ್ಸಿಲ್ ಕಸಿಯುತ್ತಾಳೆ ಎಂದು ನಿಮ್ಮ ಮಗು ಹೇಳಿದ್ದರೆ ಅದನ್ನು ಗೇಟಿಗೆ ತರಬೇಡಿ. ಅದು ಕ್ಲಾಸ್ ಟೀಚರ್ ಮೂಲಕ, ಡೈರಿಯಲ್ಲಿ ಬರೆದು ಹೋಗಬೇಕಾದ ವಿಷಯ. ನಾಲ್ಕು ಜನರ ಮುಂದೆ ಕೇಳಿದ ದೂರಿಗೆ ಯಾವ ತಾಯಿಯೂ "ಹೌದು, ತಪ್ಪಾಯ್ತು" ಎನ್ನುವುದಿಲ್ಲ.

ಮಕ್ಕಳು ಹೊರಬಂದಾಗ

ಗಂಟೆ ಹೊಡೆದು ಮಕ್ಕಳು ಬಂದರೆ ನಿಮ್ಮ ಮಗುವನ್ನು ಮುಂದೆ ತಳ್ಳಿ "ಹಾಂ, ತಾತಂಗೆ ನಮಸ್ತೆ ಮಾಡು, ರೈಮ್ಸ್ ಹೇಳು" ಎಂದು ಪೀಡಿಸಬೇಡಿ. ನೀವು ನಮಸ್ಕಾರ ಮಾಡಿದ್ದನ್ನು ಅದು ನೋಡಿದರೆ ಸಾಕು. ಅವರ ಮಗುವಿನ ಕೆನ್ನೆ ಹಿಂಡುವುದು, ಎತ್ತಿಕೊಳ್ಳುವುದು, ಚಾಕೊಲೇಟ್ ಕೊಡುವುದು, ಇಬ್ಬರನ್ನೂ ನಿಲ್ಲಿಸಿ ಫೋಟೊ ತೆಗೆಯುವುದು ಎಲ್ಲ ಇನ್ನೊಂದು ದಿನಕ್ಕಿರಲಿ. "ನಮ್ಮ ಗಾಡೀಲೇ ಬಿಡ್ತೀನಿ ಬನ್ನಿ" ಎಂಬುದೂ ಮೊದಲ ದಿನದ ಮಾತಲ್ಲ. ಈಗ ಎಷ್ಟೋ ಶಾಲೆಗಳು ಪಿಕಪ್ ಕಾರ್ಡ್ ತೋರಿಸದೆ ಮಗುವನ್ನು ಕಳಿಸುವುದೇ ಇಲ್ಲ. ಮುಂದೆ ಎಂದಾದರೂ "ನನಗೆ ಲೇಟಾಗುತ್ತೆ, ನೀವೇ ಕರ್ಕೊಂಡು ಬರ್ತೀರಾ?" ಎಂಬ ಸಂದರ್ಭ ಬಂದರೆ, ಆ ಮಗುವಿನ ಮನೆಯವರೇ ಶಾಲೆಗೆ ಮೊದಲು ತಿಳಿಸಿರಬೇಕು. ಗೇಟಿನಲ್ಲಿ ಬಾಯಿಮಾತಿನ ಒಪ್ಪಂದ ಸಾಲದು.

ಹೊರಡುವಾಗ ಮಾತು ಚಿಕ್ಕದಿರಲಿ: "ಸರಿ, ಬರ್ತೀನಿ. ಸಿಗೋಣ." ಅವರು "ಒಂದ್ಸಲ ಮನೆಗೆ ಬನ್ನಿ" ಎಂದರೆ "ಖಂಡಿತ ಬರೋಣ, ನೀವೂ ಬನ್ನಿ" ಎನ್ನಿ. ಯಾವ ದಿನ ಎಂದು ಕೇಳಬೇಡಿ. ನಮ್ಮಲ್ಲಿ ಮೊದಲ ಕರೆ ಮರ್ಯಾದೆಯ ಕರೆ, ದಿನ ಹೇಳಿ ಕರೆದಾಗ ಅದು ನಿಜವಾದ ಕರೆ.

ನಂಬರ್ ಯಾವಾಗ

ಮೊದಲ ದಿನ ಬೇಕಿಲ್ಲ. ಮೂರು ನಾಲ್ಕು ಸಲ ಮುಖ ನೋಡಿ ನಕ್ಕ ಮೇಲೆ, ಒಂದು ಕಾರಣ ಸಿಕ್ಕಾಗ ಸಾಕು: ಪ್ರಾಜೆಕ್ಟ್ ವರ್ಕ್ ಏನೆಂದು ಗೊತ್ತಾಗಲಿಲ್ಲ, ಹುಟ್ಟುಹಬ್ಬಕ್ಕೆ ಕರೆಯಬೇಕು. ಅವರ ನಂಬರ್ ಕೇಳುವ ಬದಲು ನಿಮ್ಮದನ್ನು ಕೊಡಿ, ಬೇಕೆನಿಸಿದರೆ ಅವರೇ ಮಿಸ್ಡ್ ಕಾಲ್ ಕೊಡುತ್ತಾರೆ. ಗಂಡಸು ಮಗುವಿನ ಗೆಳೆಯನ ತಾಯಿಯ ಹತ್ತಿರ ಮಾತನಾಡುತ್ತಿದ್ದರೆ ತನ್ನ ನಂಬರಿನ ಜತೆ ಹೆಂಡತಿಯದನ್ನೂ ಕೊಡುವುದು ಇಬ್ಬರಿಗೂ ಸಲೀಸು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ನಂಬರೂ ಕಾಣುತ್ತದೆ ನಿಜ, ಆದರೆ ಕೇಳದೆ ಅಲ್ಲಿಂದ ತೆಗೆದು ರಾತ್ರಿ ಒಂಬತ್ತೂವರೆಗೆ "ಹಾಯ್" ಕಳಿಸಿದರೆ ಗೇಟಿನಲ್ಲಿ ಗಳಿಸಿದ್ದೆಲ್ಲ ಹೋಯಿತು. ನಂಬರ್ ಉಳಿಸಿಕೊಳ್ಳುವಾಗ "ಝೋಯಾ ತಾತ 1ಬಿ" ಎಂದು ಬರೆದುಕೊಳ್ಳಿ. ಮುಂದಿನ ವರ್ಷ ಸೆಕ್ಷನ್ ಬದಲಾದಾಗ ಮೂರು ಝೋಯಾಗಳಿರುತ್ತಾರೆ.

ತಣ್ಣಗಿನ ಉತ್ತರ ಬಂದರೆ

ಕೆಲವೊಮ್ಮೆ "ಹೂಂ" ಎಂದು ಅವರು ಮೊಬೈಲ್ ಕಡೆ ತಿರುಗುತ್ತಾರೆ, ಅಥವಾ ಮಾತಿನ ನಡುವೆಯೇ ಗಾಡಿ ಕೀ ಕೈಗೆ ತೆಗೆದುಕೊಳ್ಳುತ್ತಾರೆ. ಅದು ಮಾತು ಸಾಕು ಎಂಬ ಸೂಚನೆ, ಅಲ್ಲಿಗೇ ನಿಲ್ಲಿಸಿ. ಕಾರಣ ನೀವೇ ಆಗಿರಬೇಕಿಲ್ಲ. ಆಫೀಸಿನಿಂದ ಅರ್ಧ ಗಂಟೆ ಪರ್ಮಿಷನ್ ಹಾಕಿ ಓಡಿ ಬಂದಿರಬಹುದು, ನೋ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ ಟೋಯಿಂಗ್‌ನವರ ದಾರಿ ನೋಡುತ್ತಿರಬಹುದು, ಹೊಸಬರ ಹತ್ತಿರ ಮಾತನಾಡುವುದೇ ಕಷ್ಟದ ಸ್ವಭಾವವಿರಬಹುದು. ಮಾರನೆಯ ದಿನ ಮತ್ತೆ ಹತ್ತಿರ ಹೋಗಬೇಡಿ, ನಿಂತಲ್ಲಿಂದಲೇ ಒಂದು ಸಲ ತಲೆಯಾಡಿಸಿ. ಅವರೂ ತಲೆಯಾಡಿಸಿದರೆ ಸರಿಯಾಗಿದೆ ಎಂದರ್ಥ, ಹಾಗೆಯೇ ಮುಂದುವರಿಸಿ. ಒಂದು ವಾರದ ತಲೆಯಾಡಿಸುವಿಕೆಯ ನಂತರ ಸಾಮಾನ್ಯವಾಗಿ ಅವರೇ "ಇವತ್ತು ಲೇಟಾಗಿ ಬಿಡ್ತಾರಂತಾ?" ಎಂದು ಕೇಳುತ್ತಾರೆ. ಕೇಳದಿದ್ದರೆ ಮಕ್ಕಳು ಒಳಗೆ ಪರೋಟ ಹಂಚಿಕೊಳ್ಳುತ್ತಿರಲಿ, ನೀವಿಬ್ಬರೂ ಹೊರಗೆ ತಲೆಯಾಡಿಸುತ್ತಿರಿ. ಅದಕ್ಕೂ ಅಡ್ಡಿಯಿಲ್ಲ.